ಓಡದ ಎರಡು ಟೈರುಗಳು

ಲಾರಿಯ ಬಣ್ಣ ಹಸಿರು ಎಂದು ಬರೆಯಲು ಹೊರಟೆ. ಆದರೆ ಅಕ್ಕ ಅದು ನೀಲಿ ಎನ್ನುತ್ತಾಳೆ. ನಾವಿಬ್ಬರೂ ಅದನ್ನು ವರ್ಷಗಟ್ಟಲೆ ಕಂಡವರು. ಅವಳು ಅದಕ್ಕೆ ದಸರೆಯಲ್ಲಿ ವಿಭೂತಿ ಹಚ್ಚಿದವಳು, ನಾನು ಅದರ ಹಿಂದೆ ಕೂತು ಕೆಮ್ಮಿದವನು. ಬಣ್ಣದ ವಿಷಯದಲ್ಲೇ ಹೀಗಾದರೆ ಉಳಿದದ್ದನ್ನು ಎಷ್ಟರ ಮಟ್ಟಿಗೆ ನಂಬುವುದು? ಕಾಲೇಜಿನಲ್ಲಿ ನಮಗೆ ಸಾಕ್ಷ್ಯವನ್ನು ಅನುಮಾನಿಸುವುದನ್ನು ಕಲಿಸಿದರು. ಸಾಕ್ಷಿ ನಾನೇ ಆದಾಗ ಏನು ಮಾಡಬೇಕೆಂದು ಹೇಳಿಕೊಡಲಿಲ್ಲ.

ಯುದ್ಧದ ಕಾಲ. ನಾನು ಮೈಸೂರಿನಲ್ಲಿ ಬಿ.ಎ. ಮುಗಿಸಿ, ಕೆಲಸ ಸಿಗದೆ, ಮೂಡಿಗೆರೆಯಲ್ಲಿ ಅಕ್ಕನ ಮನೆಯಲ್ಲಿದ್ದೆ. ಭಾವನಿಗೆ ಪೇಟೆ ಬೀದಿಯಲ್ಲಿ ಒಂದು ಸಣ್ಣ ದಿನಸಿ ಅಂಗಡಿ. ಅಂಗಡಿಯನ್ನು ನಿಜವಾಗಿ ನಡೆಸುತ್ತಿದ್ದವಳು ಅಕ್ಕ. ಭಾವನ ಜೀವವೆಲ್ಲ ಆ ಒಂದು ಲಾರಿಯ ಮೇಲೆ. ನಾಲ್ಕೇ ಚಕ್ರದ ಸಣ್ಣ ಲಾರಿ, ಯಾವುದೋ ಎಸ್ಟೇಟಿನ ಬಿಳಿ ದೊರೆ ತನ್ನ ಊರಿಗೆ ಹೋಗುವಾಗ ಮಾರಿದ್ದು. ಮಾಲೀಕನೂ ಅವರೇ, ಡ್ರೈವರೂ ಅವರೇ. ಕೊಯ್ಲು ಶುರುವಾದ ಮೇಲೆ ಕಳಸದ ಕಡೆಯ ಎಸ್ಟೇಟುಗಳಿಂದ ಹಣ್ಣಿನ ತಿರುಳು ತೆಗೆದು ಒಣಗಿಸಿದ ಪಾರ್ಚ್‌ಮೆಂಟ್ ಕಾಫಿಯ ಮೂಟೆಗಳನ್ನು ಚಿಕ್ಕಮಗಳೂರಿನಲ್ಲಿ ಕಾಫಿ ಸುಲಿದು ಹದಮಾಡುವ ಕ್ಯೂರಿಂಗ್ ವರ್ಕ್ಸಿಗೆ ತಲುಪಿಸುವುದು, ಬರುವಾಗ ಅಕ್ಕಿ, ಸೀಮೆಎಣ್ಣೆ, ಗೊಬ್ಬರ ತರುವುದು. ಆ ಮೂರು ನಾಲ್ಕು ತಿಂಗಳ ಬಾಡಿಗೆಯಲ್ಲೇ ಲಾರಿಯ ವರ್ಷ ಕಳೆಯಬೇಕು. ಮಳೆಗಾಲದಲ್ಲಿ ಅದು ಶೆಡ್ಡಿನಲ್ಲಿ ನಿಂತು ತುಕ್ಕು ಹಿಡಿಯುತ್ತಿತ್ತು.

ಆ ವರ್ಷ ಲಾರಿಯ ಪರ್ಮಿಟ್ಟೂ ಫಿಟ್‌ನೆಸ್ ಸರ್ಟಿಫಿಕೇಟೂ ಹೆಚ್ಚು ಕಡಿಮೆ ಒಟ್ಟಿಗೆ ಮುಗಿಯುತ್ತಿದ್ದವು. ಪರ್ಮಿಟ್ ಎಂದರೆ ಬೇರೆಯವರ ಸರಕನ್ನು ಬಾಡಿಗೆಗೆ ಸಾಗಿಸಲು ಸರ್ಕಾರ ಕೊಡುವ ಅಪ್ಪಣೆ. ಫಿಟ್‌ನೆಸ್ ಎಂದರೆ ಲಾರಿ ರಸ್ತೆಗೆ ಯೋಗ್ಯ ಎಂದು ಮೋಟಾರು ಇನ್ಸ್‌ಪೆಕ್ಟರು ನೋಡಿ ಬರೆದುಕೊಡುವುದು. ಎರಡನೆಯದಿಲ್ಲದೆ ಮೊದಲನೆಯದು ನವೀಕರಣವಾಗುವುದಿಲ್ಲ. ಭಾವ ಪರ್ಮಿಟ್ಟಿನ ಅರ್ಜಿಯನ್ನು ವೇಳೆಗೆ ಸರಿಯಾಗಿ ಹಾಕಿದ್ದರು. ಅದು ಜಿಲ್ಲಾ ಕಚೇರಿಯಲ್ಲಿ ಫಿಟ್‌ನೆಸ್ಸಿಗಾಗಿ ಕಾಯುತ್ತ ಕೂತಿತ್ತು. ದೀಪಾವಳಿ ಕಳೆದಿತ್ತು. ಗಿಡದಲ್ಲಿ ಹಣ್ಣು ಕೆಂಪಾಗುತ್ತಿತ್ತು. ಎಸ್ಟೇಟಿನ ಲೆಕ್ಕಪತ್ರ ನೋಡುವ ರೈಟರು ಎರಡು ಸಲ ಅಂಗಡಿಗೆ ಬಂದು, "ಶೆಟ್ರೇ, ನಿಮ್ಮ ಗಾಡಿ ಉಂಟಾ ಇಲ್ವಾ ಹೇಳಿಬಿಡಿ. ದೊರೆಗೆ ಉತ್ತರ ಕೊಡೋದು ನಾನು," ಎಂದು ಹೋಗಿದ್ದ.

ತೊಂದರೆ ಇದ್ದದ್ದು ಟೈರಿನಲ್ಲಿ. ಯುದ್ಧದಿಂದಾಗಿ ಟೈರು ಅಂಗಡಿಯಲ್ಲಿ ಸಿಗುತ್ತಿರಲಿಲ್ಲ, ಅದಕ್ಕೂ ರೇಷನ್. ಹಳೆಯ ಟೈರು ಸವೆದು ಹೋಗಿದೆ ಎಂದು ಇನ್ಸ್‌ಪೆಕ್ಟರು ಒಪ್ಪಿದರೆ ಮಾತ್ರ ಹೊಸದನ್ನು ಕೊಳ್ಳಲು ಚೀಟಿ. ಭಾವನ ಹಿಂದಿನ ಎರಡು ಟೈರುಗಳು ಬೋಳಾಗಿ, ಒಂದರಲ್ಲಿ ಒಳಗಿನ ನೂಲು ಕಾಣುತ್ತಿತ್ತು. ಅವರು ಎರಡು ಸಲ ಹೊಸ ಟೈರಿಗೆ ಅರ್ಜಿ ಹಾಕಿದ್ದರು. ಎರಡು ಸಲವೂ ಇಲ್ಲವೆಂದು ಬಂತು. ರೇಷನ್ ಆಫೀಸಿನ ಗುಮಾಸ್ತನಿಗೆ ಏನೋ ತಿನ್ನಿಸಬೇಕಿತ್ತು, ತಾವು ತಿನ್ನಿಸಲಿಲ್ಲ, ಅದಕ್ಕೇ ಹೀಗೆ ಎಂದು ಭಾವ ಇಡೀ ವರ್ಷ ಅವನನ್ನು ಬೈದರು. ನಾನೂ ದನಿ ಸೇರಿಸಿದೆ. ಸರ್ಕಾರವನ್ನು ಬೈಯಲು ಸಿಕ್ಕ ಯಾವ ಅವಕಾಶವನ್ನೂ ಆಗ ನಾನು ಬಿಡುತ್ತಿರಲಿಲ್ಲ.

ಹಾಗಾದರೆ ಹಿಂದಿನ ಪರೀಕ್ಷೆಗಳಲ್ಲಿ ಲಾರಿ ಪಾಸಾದದ್ದು ಹೇಗೆ? ಅದಕ್ಕೆ ಊರಿನಲ್ಲಿ ಒಂದು ಏರ್ಪಾಡಿತ್ತು. ಪೇಟೆಯ ಕೊನೆಯಲ್ಲಿ ಬಾಳೆಹಣ್ಣಿನ ಮಂಡಿ ಇಟ್ಟಿದ್ದವರೊಬ್ಬರಿದ್ದರು. ಎಲ್ಲರೂ ಅವರನ್ನು ಮಂಡಿಯವರು ಎನ್ನುತ್ತಿದ್ದರು. ಅವರಿಗೂ ಅಂಥದೇ ಒಂದು ಲಾರಿ, ಅದೇ ಅಳತೆಯ ಚಕ್ರ, ಹಿಂದೆ ಅಷ್ಟೇ ಸವೆದ ಟೈರು. ಬಾಡಿಗೆಯ ವಿಷಯದಲ್ಲಿ ಇಬ್ಬರಿಗೂ ಆಗುತ್ತಿರಲಿಲ್ಲ. ಆದರೆ ರೇಷನ್ ಬರುತ್ತದೆಂಬ ಸುದ್ದಿ ಹಬ್ಬಿದಾಗ ಇಬ್ಬರೂ ಸೇರಿ, ಸಿಕ್ಕಿದ್ದ ಎರಡೇ ಹೊಸ ಟೈರು ಕೊಂಡರು. ಒಬ್ಬೊಬ್ಬರಿಗೆ ಒಂದೊಂದು ಹಂಚಿಕೊಂಡರೆ ಯಾರಿಗೂ ಪ್ರಯೋಜನವಿಲ್ಲ, ಒಬ್ಬರೇ ಓಡಿಸಿದರೆ ಇನ್ನೊಬ್ಬರಿಗೆ ಅನ್ಯಾಯ. ಹಾಗಾಗಿ ಅವನ್ನು ಯಾರೂ ಓಡಿಸಕೂಡದು, ಪರೀಕ್ಷೆಯ ದಿನ ಮಾತ್ರ ಹಾಕಬೇಕು ಎಂದು ತೀರ್ಮಾನವಾಯಿತು. ಉಳಿದ ದಿನಗಳಲ್ಲಿ ಅವು ನಮ್ಮ ಅಂಗಡಿಯ ಹಿಂದಿನ ಕೋಣೆಯಲ್ಲಿ, ಇಲಿ ಕಡಿಯದಂತೆ ಗೋಣಿ ಸುತ್ತಿಸಿಕೊಂಡು ಮಲಗಿರುತ್ತಿದ್ದವು. ಮೂಡಿಗೆರೆಯ ಅತ್ಯುತ್ತಮ ಟೈರುಗಳು ಯಾವತ್ತೂ ಮೂಟೆ ಹೊರಲಿಲ್ಲ.

"ಧಾರೆ ಸೀರೆ ಆದ್ರೂ ಹಬ್ಬಕ್ಕೊಂದು ಸಲ ಉಡ್ತೀವಿ," ಎಂದು ಅಕ್ಕ ಹೇಳುತ್ತಿದ್ದಳು. "ಇದೆಂಥ ಟೈರು ನಿಮ್ದು, ಬರೀ ತೋರಿಸ್ಲಿಕ್ಕೆ?"

"ನಿಂಗೆ ತಿಳಿಯೋದಿಲ್ಲ ಸುಮ್ನಿರು," ಎನ್ನುತ್ತಿದ್ದರು ಭಾವ. "ಓಡಿಸಿದ್ರೆ ಸವೀತದೆ. ಸವೆದ್ರೆ ಮುಂದಿನ ಪರೀಕ್ಷೆಗೆ ಎಂಥ ಹಾಕೋದು?"

ನನಗೆ ಅದರಲ್ಲಿ ತರ್ಕದೋಷ ಕಾಣಲಿಲ್ಲ. ಈಗ ಕಾಣುತ್ತದೆ, ಆದರೆ ಈಗ ಕಾಣುವುದು ದೊಡ್ಡ ವಿಷಯವಲ್ಲ.

ಇಬ್ಬರ ಲಾರಿಗೂ ಬೇರೆ ಬೇರೆ ತಿಂಗಳಲ್ಲಿ ಪರೀಕ್ಷೆ ಬೀಳುತ್ತಿದ್ದುದರಿಂದ ಏರ್ಪಾಡು ಸರಾಗವಾಗಿ ನಡೆದಿತ್ತು. ಆ ವರ್ಷ ಇನ್ಸ್‌ಪೆಕ್ಟರು ತಮ್ಮ ಕ್ಯಾಂಪುಗಳನ್ನು ಕಡಿಮೆ ಮಾಡಿದರು. ಅವರಿಗೂ ಪೆಟ್ರೋಲಿನ ಬರ ಇದ್ದಿರಬೇಕು. ಮೂಡಿಗೆರೆ ತಾಲ್ಲೂಕಿನ ಲಾರಿಗಳೆಲ್ಲ ಒಂದೇ ದಿನ ಚಿಕ್ಕಮಗಳೂರಿಗೆ ಬರಬೇಕೆಂದು ನೋಟೀಸು ಬಂತು. ಅದನ್ನು ಓದಿದ ಸಂಜೆ ಮಂಡಿಯವರು ಅಂಗಡಿಗೆ ಬಂದು, ಕೂರದೆ, ಬಾಗಿಲಲ್ಲೇ ನಿಂತು ಹೇಳಿದರು:

"ಶೆಟ್ರೇ, ಎರಡು ಟೈರು, ಎರಡು ಲಾರಿ. ನಾಲ್ಕು ಚಕ್ರ ಬೇಕು. ಹೇಗೆ?"

"ಚೀಟಿ ಹಾಕುವ," ಎಂದರು ಭಾವ.

"ಚೀಟೀಲಿ ಸೋತವನ ಕೊಯ್ಲು ಎಂಥ ಮಾಡೋದು? ನಿಮ್ಗೆ ಅಂಗಡಿ ಉಂಟು. ನಂಗೆ ಬಾಳೆಗೊನೆ ಮಾತ್ರ."

"ಅಂಗಡಿಯ ಮಾತು ಎತ್ಬೇಡಿ ಮಾರಾಯ್ರೆ. ಅದು ಅವಳದ್ದು."

ಅಕ್ಕ ತಕ್ಕಡಿ ಹಿಡಿದುಕೊಂಡೇ ನಕ್ಕಳು. ಕೊನೆಗೆ ಉಪಾಯ ಹೊಳೆದದ್ದು ಯಾರಿಗೆಂದು ನೆನಪಿಲ್ಲ. ನನಗೇ ಇರಬಹುದೆಂಬ ಅನುಮಾನ ನನಗಿದೆ. ಅದನ್ನು ಪರಿಹರಿಸಿಕೊಳ್ಳಲು ಈಗ ಯಾರೂ ಉಳಿದಿಲ್ಲ. ಅಕ್ಕ ಇದ್ದಾಳೆ, ಆದರೆ ಅವಳು ಆ ಹೊತ್ತಿಗೆ ಅಡಿಗೆಮನೆಗೆ ಹೋಗಿದ್ದಳಂತೆ. ಉಪಾಯ ಇಷ್ಟೇ: ಹೊಸ ಟೈರು ಹಾಕಿಕೊಂಡು ಮಂಡಿಯವರ ಲಾರಿ ಮೊದಲು ಪರೀಕ್ಷೆಗೆ ಹೋಗುವುದು. ಪಾಸಾದ ಕೂಡಲೇ ಅದು ಭಾವನ ಲಾರಿ ನಿಂತಲ್ಲಿಗೆ ಬರುವುದು. ಅಲ್ಲಿ ಚಕ್ರಗಳನ್ನು ಬಿಚ್ಚಿ ಇದಕ್ಕೆ ಹಾಕುವುದು. ಅಷ್ಟು ಹೊತ್ತು ಇನ್ಸ್‌ಪೆಕ್ಟರನ್ನು ಮಾತಿನಲ್ಲಿ ಹಿಡಿದಿಡುವುದು ನನ್ನ ಕೆಲಸ.

"ಇಂಗ್ಲಿಷಿನಲ್ಲಿ ಮಾತಾಡು ಬಿ.ಎ.," ಎಂದರು ಭಾವ. "ಅಷ್ಟು ಓದಿದ್ದು ಆ ದಿನವಾದ್ರೂ ಒಂದು ಜಾಕಿನಷ್ಟು ಕೆಲಸ ಮಾಡ್ಲಿ."

ಪರೀಕ್ಷೆಯ ದಿನ ಬೆಳಕು ಹರಿಯುವ ಮುಂಚೆ ಹೊರಟೆವು. ಟೈರುಗಳು ಮಂಡಿಯವರ ಲಾರಿಯ ಮೇಲೆ, ಹುಲ್ಲಿನ ಹಾಸಿನಲ್ಲಿ, ಪ್ರಯಾಣಿಕರಂತೆ ಬಂದವು. ಚಿಕ್ಕಮಗಳೂರು ಹತ್ತಿರವಾದ ಮೇಲೆ ಮರದ ಕೆಳಗೆ ಅವನ್ನು ತೊಡಿಸಬೇಕು. ಆಲ್ದೂರು ದಾಟುವಾಗ ತೋಟಗಳ ಮೇಲಿಂದ ಮಂಜು ಏಳುತ್ತಿತ್ತು, ಒಂದು ತೋಟದಲ್ಲಿ ಆಗಲೇ ಬುಟ್ಟಿ ಹಿಡಿದ ಹೆಂಗಸರು ಸಾಲಾಗಿ ಹೋಗುತ್ತಿದ್ದರು. ಭಾವ ಅದನ್ನು ನೋಡಿ ಆಕ್ಸಿಲರೇಟರ್ ಒತ್ತಿದರು. ಬೋಳು ಟೈರಿನ ಲಾರಿ ತಿರುವಿನಲ್ಲಿ ಸರಕ್ಕನೆ ಜಾರಿತು. ನಾನು ಬಾಗಿಲಿನ ಕಂಬಿ ಹಿಡಿದೆ. ಅವರು ಮತ್ತೂ ಒತ್ತಿದರು.

ಪರೀಕ್ಷೆ ನಡೆಯುತ್ತಿದ್ದುದು ಕೆರೆ ಏರಿಯ ಆಚೆಗಿನ ಬಯಲಿನಲ್ಲಿ. ಇನ್ಸ್‌ಪೆಕ್ಟರು ಮೈಸೂರು ಕಡೆಯ, ಐವತ್ತು ದಾಟಿದ, ತೆಳ್ಳಗಿನ ಮನುಷ್ಯ. ಖಾಕಿ ಕೋಟಿನ ತೋಳಿಗೆ ಎಣ್ಣೆ ಮೆತ್ತಿತ್ತು. ಅವರು ನೋಡುತ್ತಿದ್ದ ರೀತಿ ಮಾತ್ರ ನನ್ನ ನೆನಪಿನಲ್ಲಿ ಸ್ಪಷ್ಟವಾಗಿದೆ ಎಂದುಕೊಂಡಿದ್ದೇನೆ. ಮೊದಲು ಸ್ಟೇರಿಂಗ್ ಚಕ್ರವನ್ನು ಎರಡು ಬೆರಳಿನಿಂದ ಆಚೀಚೆ ಆಡಿಸಿ, ಮುಂದಿನ ಚಕ್ರ ಯಾವಾಗ ಅಲುಗುತ್ತದೆಂದು ಬಗ್ಗಿ ನೋಡುವರು. ಹಾರ್ನ್, ದೀಪ, ಕನ್ನಡಿ. ಆಮೇಲೆ ತಾವೇ ಡ್ರೈವರ ಪಕ್ಕ ಕೂತು ಏರಿಯ ಇಳಿಜಾರಿಗೆ ಹೋಗಿ, ಅರ್ಧ ದಾರಿಯಲ್ಲಿ "ಹಿಡಿ!" ಎಂದು ಕೂಗುವರು. ಲಾರಿ ಎಲ್ಲಿ ನಿಲ್ಲುತ್ತದೆಂದು ಇಳಿದು ಹೋಗಿ ನೋಡುವರು. ಕೊನೆಗೆ ಚಾಸಿಯ ಮೇಲೆ ಕೆತ್ತಿದ ನಂಬರಿನ ಮೇಲೆ ತೆಳು ಕಾಗದ ಇಟ್ಟು ಪೆನ್ಸಿಲಿನಿಂದ ಉಜ್ಜಿ ಅಚ್ಚು ತೆಗೆದುಕೊಳ್ಳುವರು.

ಮಂಡಿಯವರ ಲಾರಿ ಚೆನ್ನಾಗಿ ನಿಂತಿತು. ಇನ್ಸ್‌ಪೆಕ್ಟರು ತಲೆಯಾಡಿಸಿ, "ಸರಿ, ಪಕ್ಕಕ್ಕೆ ಹಾಕಿ," ಎಂದರು. ಅದು ಪಕ್ಕಕ್ಕೆ ಹೋಗುವ ಬದಲು ಏರಿಯ ಹಿಂದೆ ಮಾಯವಾಯಿತು. ನಾನು ಮುಂದೆ ಬಂದು ಗುಡ್ ಮಾರ್ನಿಂಗ್ ಎಂದೆ.

ಏನು ಮಾತಾಡಿದೆ? ಬರ್ಮಾದ ಯುದ್ಧದ ಬಗ್ಗೆ ಎಂದು ಬಹಳ ವರ್ಷ ಹೇಳಿಕೊಂಡು ಬಂದಿದ್ದೇನೆ. ಮೋಟಾರು ಕಾನೂನು ಬಂಡವಾಳಗಾರರ ಪರವಾಗಿದೆ ಎಂದು ವಾದಿಸಿದ್ದೂ ಇರಬಹುದು. ಅಂಥ ವಾದ ಆಗ ನನ್ನ ನಾಲಿಗೆಯ ತುದಿಯಲ್ಲೇ ಇರುತ್ತಿತ್ತು. ಅವರು ಸಹನೆಯಿಂದ ಕೇಳಿಸಿಕೊಂಡರು. ಏರಿಯ ಹಿಂದಿನಿಂದ ಕಬ್ಬಿಣದ ಮೇಲೆ ಸುತ್ತಿಗೆ ಬಡಿದ ಸದ್ದು ಬಂತು. ನಾನು ದನಿ ಎತ್ತರಿಸಿದೆ. ಮತ್ತೆ ಸದ್ದು. ಜಾಮ್ ಆದ ನಟ್ಟು ಇರಬೇಕು ಎಂದುಕೊಂಡೆ.

"ನೀವು ಏನು ಓದಿದ್ದೀರಿ?" ಎಂದು ಅವರು ಕನ್ನಡದಲ್ಲಿ ಕೇಳಿದರು.

"ತರ್ಕಶಾಸ್ತ್ರ, ಸರ್."

"ಒಳ್ಳೇದು." ಕೈಲಿದ್ದ ಕಾಗದಗಳನ್ನು ತಿರುವಿದರು. "ಅಯ್ಯೋ, ಆ ಗಾಡಿ ನಂಬರಿನ ಅಚ್ಚು ತೆಗೆಯೋದೇ ಮರೆತೆ, ನೋಡಿ. ಎಲ್ಲಿ ಹೋಯ್ತದು?"

"ನಾನು ಅದನ್ನು ಇಲ್ಲಿಗೇ ತರಿಸ್ತೇನೆ ಸರ್," ಎಂದೆ.

"ಬೇಡ ಬಿಡಿ. ನಿಮ್ಮ ಜೊತೆ ನಾನೂ ನಾಲ್ಕು ಹೆಜ್ಜೆ ನಡೀತೀನಿ. ಬೆಳಿಗ್ಗೆಯಿಂದ ಬಗ್ಗಿ ಬಗ್ಗಿ ಸೊಂಟ ಹಿಡಿದಿದೆ."

ಅವರು ನಿಜವಾಗಿಯೂ ಮರೆತಿದ್ದರೇ? ಈ ಪ್ರಶ್ನೆಯನ್ನು ನಾನು ಎಷ್ಟು ಸಲ ತಿರುವಿ ಹಾಕಿದ್ದೇನೋ. ಕೆಲವು ವರ್ಷ, ಮರೆತಿದ್ದರು ಎಂದು ನಂಬಿದೆ. ಕೆಲವು ವರ್ಷ, ಎಲ್ಲ ತಿಳಿದೇ ನಡೆದರು ಎಂದು. ಯಾವುದಕ್ಕೂ ಆಧಾರವಿಲ್ಲ.

ಏರಿಯ ಹಿಂದೆ ಎರಡು ಲಾರಿಗಳೂ ಅಕ್ಕಪಕ್ಕದಲ್ಲಿ ಜಾಕಿನ ಮೇಲೆ, ಹಿಂದಿನ ಭಾಗ ಎತ್ತಿಕೊಂಡು ನಿಂತಿದ್ದವು. ಎರಡಕ್ಕೂ ಹಿಂದಿನ ಚಕ್ರವಿರಲಿಲ್ಲ. ಬೋಳು ಟೈರಿನ ಚಕ್ರಗಳು ಒಂದು ಕಡೆ ರಾಶಿ ಬಿದ್ದಿದ್ದವು. ನಡುವೆ, ಹುಲ್ಲಿನ ಮೇಲೆ, ಆ ಎರಡು ಹೊಸ ಟೈರುಗಳು. ಭಾವ ಒಂದರ ಮೇಲೆ ಕೈಯಿಟ್ಟುಕೊಂಡು ಕುಕ್ಕರುಗಾಲಿನಲ್ಲಿ ಕೂತಿದ್ದರು. ಮಂಡಿಯವರ ಕೈಯಲ್ಲಿ ಸ್ಪ್ಯಾನರು. ಇಬ್ಬರೂ ಎದ್ದು ನಿಂತರು.

ಇನ್ಸ್‌ಪೆಕ್ಟರು ಯಾರನ್ನೂ ನೋಡದೆ ಟೈರಿನ ಹತ್ತಿರ ಹೋಗಿ ಬಗ್ಗಿದರು. ಹೊಸ ಟೈರಿನ ಮೈಮೇಲೆ ಅಚ್ಚಿನಿಂದ ಬಂದ ರಬ್ಬರಿನ ಸಣ್ಣ ಕೂದಲುಗಳಿರುತ್ತವೆ; ನಾಲ್ಕು ದಿನ ಓಡಿದರೆ ಉದುರಿಹೋಗುತ್ತವೆ. ಅವರು ಅಂಥ ಒಂದು ಕೂದಲನ್ನು ಬೆರಳಿನಿಂದ ಎಳೆದರು.

"ಎರಡು ವರ್ಷದಿಂದ ಈ ಮಗು ಬೆಳೆದೇ ಇಲ್ಲ," ಎಂದರು. "ಹುಟ್ಟುಗೂದಲು ಹಾಗೇ ಇದೆ. ಯಾರ್ದು ಇದು?"

ಮಂಡಿಯವರು ಭಾವನ ಕಡೆ ನೋಡಿದರು. ಆ ಕ್ಷಣದಲ್ಲಿ ಇಬ್ಬರಲ್ಲಿ ಯಾರಾದರೂ 'ನನ್ನದು' ಎಂದರೆ ಟೈರೂ ಅವನದೇ, ಫಿಟ್‌ನೆಸ್ಸೂ ಅವನದೇ ಎಂದು ನನಗನ್ನಿಸಿತು. ಭಾವ ಹೇಳಿಬಿಡಲಿ ಎಂದು ನಾನು ಬಯಸಿದೆ.

"ಇಬ್ರದ್ದೂ ಸ್ವಾಮಿ," ಎಂದರು ಭಾವ.

"ಇಬ್ಬರದು ಅಂದ್ರೆ?"

"ಕೊಂಡದ್ದು ಒಟ್ಟಿಗೆ. ಓಡಿಸ್ಲಿಲ್ಲ. ನಿಮಗೆ ತೋರಿಸ್ಲಿಕ್ಕೆ ಅಂತ ಇಟ್ಕೊಂಡದ್ದು."

ಇನ್ಸ್‌ಪೆಕ್ಟರಿಗೆ ಕೋಪ ಬರುತ್ತದೆಂದು ಕಾದೆವು. ಅವರು ಹಣೆಯ ಮೇಲೆ ಕೈಯಿಟ್ಟುಕೊಂಡು ಲಾರಿಯ ಮೆಟ್ಟಿಲ ಮೇಲೆ ಕೂತರು.

"ಏನ್ರೀ ನೀವು, ಬುದ್ಧಿ ಇರೋರಾ? ಟೈರಿಗೆ ಅರ್ಜಿ ಹಾಕಿದ್ರಲ್ಲ, ಯಾಕೆ ಸಿಗಲಿಲ್ಲ ಗೊತ್ತಾ?"

"ಆ ಗುಮಾಸ್ತ," ಎಂದು ಶುರು ಮಾಡಿದರು ಭಾವ.

"ಗುಮಾಸ್ತ ಅಲ್ಲ, ನಾನು. ನನ್ನ ಅಭಿಪ್ರಾಯ ಕೇಳಿದ್ರು. ಗಾಡೀಲಿ ಒಳ್ಳೆ ಟೈರು ಇದೆ, ಕಣ್ಣಾರೆ ನೋಡಿದ್ದೀನಿ, ಹೊಸದು ಬೇಕಾಗಿಲ್ಲ ಅಂತ ಬರೆದೆ. ಸುಳ್ಳಾ? ಆವತ್ತು ಈ ಬೋಳು ಟೈರಲ್ಲೇ ಬಂದಿದ್ರೆ ಫೇಲ್ ಮಾಡ್ತಿದ್ದೆ. ಫೇಲ್ ಮಾಡಿ, ಟೈರು ಕೊಡಿ ಅಂತ ಬರೀತಿದ್ದೆ. ಎರಡು ವರ್ಷದ ಹಿಂದೆ ನಿಮ್ಮಿಬ್ಬರಿಗೂ ಟೈರು ಬಂದಿರೋದು."

ಭಾವನ ಮುಖ ನೋಡಲು ನನಗಾಗಲಿಲ್ಲ. ಮಂಡಿಯವರು ಸ್ಪ್ಯಾನರನ್ನು ಹುಲ್ಲಿನ ಮೇಲೆ ಮೆಲ್ಲಗೆ ಇಟ್ಟರು, ಯಾರಾದರೂ ಮಲಗಿದ್ದಾರೆ ಎಂಬಂತೆ.

"ಈಗ ಕೇಳಿ," ಎಂದರು ಇನ್ಸ್‌ಪೆಕ್ಟರು. "ಈ ಟೈರು ಒಂದು ಗಾಡಿಗೆ ಹಾಕಿ. ಹಾಕಿದ ಗಾಡಿಗೆ ಫಿಟ್‌ನೆಸ್ ಕೊಡ್ತೀನಿ. ಆಮೇಲೆ ಬಿಚ್ಚಕೂಡದು, ರಸ್ತೇಲಿ ಹಿಡಿದು ನೋಡಿದ್ರೆ ಇದೇ ಟೈರು ಇರಬೇಕು, ಕೂದಲು ಉದುರಿರಬೇಕು. ಇನ್ನೊಂದು ಫೇಲ್. ಫೇಲಾದ ಗಾಡಿಗೆ ಟೈರಿಗೆ ಶಿಫಾರಸು ಮಾಡ್ತೀನಿ. ಬಂದ ಮೇಲೆ ಮತ್ತೆ ತಂದು ತೋರಿಸಿ. ಅಲ್ಲೀವರೆಗೆ ರಸ್ತೆಗೆ ಇಳಿಸೋ ಹಾಗಿಲ್ಲ, ಪರ್ಮಿಟ್ ಅರ್ಜೀನೂ ಮುಂದೆ ಹೋಗಲ್ಲ."

"ಟೈರು ಯಾವಾಗ ಬರ್ತದೆ ಸ್ವಾಮಿ?"

"ನನ್ನ ಕೇಳಿದ್ರೆ? ಯುದ್ಧ ನಡೆಸೋರನ್ನ ಕೇಳಿ." ಎದ್ದು ಕೋಟು ಕೊಡವಿಕೊಂಡರು. "ಯಾವ ಗಾಡಿ ಅಂತ ನೀವೇ ತೀರ್ಮಾನ ಮಾಡ್ಕೊಳ್ಳಿ. ಅಷ್ಟರಲ್ಲಿ ಬೇರೆಯವರದ್ದು ನೋಡ್ತೀನಿ."

ಅವರು ಹೋದ ಮೇಲೆ ನಾನು ಅತ್ತಿಂದಿತ್ತ ಓಡಾಡುತ್ತಿದ್ದೆ. ಅರ್ಧರ್ಧ ಹಕ್ಕಿನ ವಸ್ತುವಿನ ಮೇಲೆ ಯಾರ ಹಕ್ಕು ಮೇಲು ಎಂದು ಏನೋ ಹೇಳಲು ಹೋದೆ.

"ಸುಮ್ನೆ ಕೂರು ಮಾರಾಯ, ತಲೆ ತಿರುಗ್ತದೆ," ಎಂದರು ಭಾವ. ಆಮೇಲೆ ಮಂಡಿಯವರಿಗೆ, "ನಿಮ್ಮದಕ್ಕೇ ಹಾಕಿ."

"ಶೆಟ್ರೇ, ಅದು ಹೇಗೆ?"

"ನಿಮ್ಮ ಬ್ರೇಕು ಒಳ್ಳೇದುಂಟು. ಅವರು ನೋಡಿಯೂ ಆಯ್ತು. ನನ್ನದು ಇಳಿಜಾರಲ್ಲಿ ನಿಲ್ತದೋ ಇಲ್ವೋ, ಅದೂ ಗೊತ್ತಿಲ್ಲ. ಎರಡೂ ಫೇಲಾದ್ರೆ ಕಳಸಕ್ಕೆ ಹೋಗೋರು ಯಾರು? ಹಾಸನದ ದೊಡ್ಡ ಲಾರಿಯವ ಬರ್ತಾನೆ. ಒಂದು ಸಲ ಬಂದ್ರೆ ಆ ರೈಟರು ನಮ್ಮನ್ನ ಮತ್ತೆ ಕರೀತಾನಾ?"

ಮಂಡಿಯವರು ತಲೆ ಕೆರೆದುಕೊಂಡರು. "ನಂಗೆ ಘಾಟಿ ರಸ್ತೆ ಅಷ್ಟು ಅಭ್ಯಾಸ ಇಲ್ಲ. ಒಬ್ಬನೇ ಎರಡು ಗಾಡಿಯ ಲೋಡು ಎಳೀಲಿಕ್ಕೆ ಆಗ್ತದಾ? ನೀವು ನನ್ನ ಗಾಡಿ ಓಡಿಸಿ. ಬಂದದ್ದರಲ್ಲಿ ಸಮಪಾಲು."

"ಡ್ರೈವರಾಗಿ?"

"ಕಾಗದದಲ್ಲಿ ಡ್ರೈವರು. ಪರ್ಮಿಟ್ ನನ್ನ ಹೆಸರಲ್ಲಿ ಇರೋದಲ್ವಾ. ಬೇರೆ ಎಂಥ ಮಾಡೋದು?"

ಭಾವ ನಕ್ಕರೆಂದು ನನ್ನ ನೆನಪು. ಆ ನಗು ನನಗೆ ಇಷ್ಟವಾಗಲಿಲ್ಲ. ಮಾಲೀಕನಾಗಿ ಹೊರಟವರು ಇನ್ನೊಬ್ಬರ ಡ್ರೈವರಾಗಿ ಮನೆಗೆ ಮರಳುವುದು ನನಗೆ ಸೋಲಾಗಿ ಕಂಡಿತು. ಅವರಿಗೆ ಹೇಗೆ ಕಂಡಿತೆಂದು ನಾನು ಕೇಳಲಿಲ್ಲ. ಮಧ್ಯಾಹ್ನ ಇನ್ಸ್‌ಪೆಕ್ಟರು ಒಂದು ಲಾರಿಯನ್ನು ಪಾಸು ಮಾಡಿದರು. ಇನ್ನೊಂದನ್ನು ಹಾಗೇ ಖಾಲಿಯಾಗಿ, ಮೆಲ್ಲಗೆ, ನೇರ ಊರಿಗೆ ಕೊಂಡೊಯ್ದು ಶೆಡ್ಡಿನಲ್ಲಿ ನಿಲ್ಲಿಸಬೇಕೆಂದು ಹೇಳಿದರು.

"ಯಾವುದು ಫೇಲು?" ಎಂದು ಅಕ್ಕ ಬಾಗಿಲಲ್ಲೇ ಕೇಳಿದಳು.

"ನಮ್ಮದು."

"ಟೈರು?"

"ಇನ್ನು ಓಡ್ತದೆ," ಎಂದರು ಭಾವ. "ಅವರ ಗಾಡೀಲಿ."

ಆ ಕೊಯ್ಲಿನಲ್ಲಿ ಭಾವ ವಾರದಲ್ಲಿ ಹೆಚ್ಚು ದಿನ ಕಳಸದ ದಾರಿಯಲ್ಲೇ ಇದ್ದರು. ರೈಟರು ಮೊದಮೊದಲು "ಓಹೋ, ಶೆಟ್ರು ಡ್ರೈವರ್ ಆದ್ರಲ್ಲ!" ಎಂದು ಚುಚ್ಚಿದನಂತೆ. "ನಿಮಗೆ ಮೂಟೆ ತಲುಪಿದ್ರೆ ಸಾಕಲ್ವಾ? ನಾನು ಎಂಥ ಆದ್ರೆ ನಿಮಗೆಂಥ," ಎಂದರಂತೆ ಭಾವ. ಬೇರೆ ಲಾರಿ ಆ ದಾರಿಗೆ ಬರಲಿಲ್ಲ. ಮಂಡಿಯವರೂ ಭಾವನೂ ಪ್ರತಿ ಶನಿವಾರ ಪಾಲಿನ ವಿಷಯದಲ್ಲಿ ಜಗಳವಾಡುತ್ತಿದ್ದರು, ಪ್ರತಿ ಸೋಮವಾರ ಒಟ್ಟಿಗೆ ಹೊರಡುತ್ತಿದ್ದರು. ನಮ್ಮ ಲಾರಿ ಶೆಡ್ಡಿನಲ್ಲಿ ಮರದ ದಿಮ್ಮಿಗಳ ಮೇಲೆ ನಿಂತಿತ್ತು. ಭಾವ ರಾತ್ರಿ ಊಟಕ್ಕೆ ಮುಂಚೆ ಅದನ್ನು ಚಾಲೂ ಮಾಡಿ, ಸ್ವಲ್ಪ ಹೊತ್ತು ಕೇಳಿ, ನಿಲ್ಲಿಸುತ್ತಿದ್ದರು.

ಟೈರಿನ ಚೀಟಿ ಬಂದದ್ದು ಕೊಯ್ಲು ಮುಗಿದ ಮೇಲೆ, ಕಾಫಿ ಗಿಡಕ್ಕೆ ಹೂ ಬರಿಸುವ ಬೇಸಿಗೆಯ ಹೂಮಳೆಯೂ ಆದ ಮೇಲೆ. ಟೈರು ತಂದು, ಬ್ರೇಕು ಸರಿ ಮಾಡಿಸಿ, ಮತ್ತೆ ತೋರಿಸಿ, ಫಿಟ್‌ನೆಸ್ ಸಿಕ್ಕಿ, ಅದರ ಹಿಂದೆ ಪರ್ಮಿಟ್ ನವೀಕರಣವಾಗಿ ಬರುವಾಗ ದೊಡ್ಡ ಮಳೆ ಹಿಡಿದಿತ್ತು. ಸಾಗಿಸಲು ಮಲೆನಾಡಿನಲ್ಲಿ ಏನೂ ಇರಲಿಲ್ಲ. ಕಾಗದ ಕೈಗೆ ಬಂದ ಮರುದಿನ ಭಾವ ಲಾರಿ ಹೊರಡಿಸಿದರು.

"ಎಲ್ಲಿಗೆ?" ಎಂದಳು ಅಕ್ಕ.

"ಕೊಟ್ಟಿಗೆಹಾರದ ತನಕ."

"ಲೋಡು ಉಂಟಾ?"

"ಇಲ್ಲ."

"ಪೆಟ್ರೋಲು ಸುಡ್ಲಿಕ್ಕಾ?"

"ಹೌದು," ಎಂದರು ಭಾವ.

ನಾನು ಪಕ್ಕದಲ್ಲಿ ಕೂತಿದ್ದೆ. ಗಾಳಿಗೆ ಮಳೆ ಅಡ್ಡಡ್ಡ ಹೊಡೆಯುತ್ತಿತ್ತು. ಹೊಸ ಟೈರು ರಸ್ತೆಯನ್ನು ಕಚ್ಚಿಕೊಂಡು ಹೋಗುತ್ತಿತ್ತು. ತಿರುವುಗಳಲ್ಲಿ ಖಾಲಿ ಲಾರಿ ಜಾರಲಿಲ್ಲ. ಭಾವ ಎದುರಿಗೆ ಯಾರೂ ಇಲ್ಲದಿದ್ದರೂ ಹಾರ್ನ್ ಹೊಡೆದರು, ಮತ್ತೊಮ್ಮೆ ಹೊಡೆದರು. "ನನ್ನ ಗಾಡಿ," ಎಂದರು, ನನಗಲ್ಲ.

ಅಕ್ಕ ಹೇಳುತ್ತಾಳೆ, ಆ ದಿನ ನಾನು ಅಲ್ಲಿರಲಿಲ್ಲ, ಅದಕ್ಕೆ ಒಂದು ವಾರ ಮುಂಚೆಯೇ ಕೆಲಸ ಹುಡುಕಿಕೊಂಡು ಮೈಸೂರಿಗೆ ಹೋಗಿದ್ದೆ ಎಂದು. ಭಾವ ಬರೆದ ಕಾಗದದಲ್ಲಿ ಓದಿ ಹೀಗೆ ಕಲ್ಪಿಸಿಕೊಂಡಿದ್ದೀಯ ಎನ್ನುತ್ತಾಳೆ. ಇರಬಹುದು. ಆದರೆ ಭಾವ ಕಾಗದ ಬರೆಯುವವರಲ್ಲ. ಆ ಹಾರ್ನಿನ ಸದ್ದನ್ನು ನಾನು ಕೇಳಿದ್ದೇನೆ.